ಆಲೆಮನೆಯ ಗಾಣಕ್ಕೆ ಕೈ ಸಿಗದಂತೆ: ಸುರಕ್ಷತಾ ವ್ಯವಸ್ಥೆ ಕಟ್ಟುವುದು ಹೇಗೆ?

ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯದ ನಿರ್ವಹಣೆಗಾಗಿ 2018ರಲ್ಲಿ ಪ್ರಕಟವಾದ ಐಎಸ್‌ಒ 45001 ಮಾನದಂಡವು ಯೋಜನೆ, ಅನುಷ್ಠಾನ, ಪರಿಶೀಲನೆ, ಸುಧಾರಣಾ ಕ್ರಮ ಎಂಬ ನಾಲ್ಕು ಹಂತಗಳ ಚಕ್ರವನ್ನು ಆಧರಿಸಿದೆ. ಸಕ್ಕರೆ ಕಾರ್ಖಾನೆಗೆ ಹೇಗೋ, ಹತ್ತು ಮಂದಿ ದುಡಿಯುವ ಆಲೆಮನೆಗೂ ಇದು ಹಾಗೆಯೇ ಹೊಂದುತ್ತದೆ. ಪಾಂಡವಪುರದ ಕಡೆಯ ಆಲೆಮನೆಯೊಂದರಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೆಲಸವನ್ನಷ್ಟೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಈ ನಾಲ್ಕು ಹಂತಗಳಿಗೂ ಮೊದಲು ಬೇಕಾದದ್ದು ನೀತಿ. ಮಾಲೀಕರು ಸಹಿ ಮಾಡಿದ ಅರ್ಧ ಪುಟ ಸಾಕು. ಅಪಾಯವನ್ನು ಮೂಲದಲ್ಲೇ ನಿವಾರಿಸುವುದಾಗಿ, ಕಾನೂನನ್ನು ಪಾಲಿಸುವುದಾಗಿ, ಕಾರ್ಮಿಕರೊಡನೆ ಸಮಾಲೋಚಿಸಿ ನಿರ್ಧರಿಸುವುದಾಗಿ ಅದರಲ್ಲಿ ಮಾತು ಕೊಟ್ಟಿರಬೇಕು.

ಯೋಜನೆಯ ಹಂತದಲ್ಲಿ ಅಪಾಯವನ್ನು ಗುರುತಿಸಬೇಕು. ಒಂದಕ್ಕೊಂದು ಎದುರಾಗಿ ತಿರುಗುವ ಉರುಳೆಗಳ ನಡುವೆ ಕಬ್ಬಿನೊಂದಿಗೆ ಬೆರಳೂ ಒಳಗೆ ಸೆಳೆಯಲ್ಪಡುತ್ತದೆ. ರಾತ್ರಿ ಪಾಳಿಯ ನಿದ್ದೆಗಣ್ಣು ಆ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಇದಕ್ಕೆ ಕೈಗವಸು ಕೊಡಿಸುವುದು ಹಲವರಿಗೆ ಹೊಳೆಯುವ ಮೊದಲ ಪರಿಹಾರ, ಆದರೆ ತಪ್ಪು ಪರಿಹಾರ: ಗವಸಿನ ತುದಿ ಸಿಕ್ಕಿಕೊಂಡರೆ ಕೈಯನ್ನೂ ಎಳೆದೊಯ್ಯುತ್ತದೆ. ಮಾನದಂಡದ ಆದ್ಯತಾ ಕ್ರಮದಲ್ಲಿ ಯಂತ್ರಕ್ಕೆ ತಡೆ ಕಟ್ಟುವುದು ಮೇಲಿದೆ, ಮೈಮೇಲೆ ತೊಡುವ ರಕ್ಷಣಾ ಸಾಧನ ಕೊನೆಗೆ ಬರುತ್ತದೆ. ಆದ್ದರಿಂದ, ಗಾಣದ ಬಾಯಿಗೆ ಕಬ್ಬಿಣದ ಮುಚ್ಚಿದ ದೋಣಿಯನ್ನು ಅಳವಡಿಸಬೇಕು. ಅದರ ತೆರಪು 120 ಮಿ.ಮೀ. ಮೀರದೆ, ತೆರಪಿನಿಂದ ಉರುಳೆಯವರೆಗೆ ಕನಿಷ್ಠ 850 ಮಿ.ಮೀ. ದೂರವಿದ್ದರೆ ವಯಸ್ಕರ ತೋಳು ಉರುಳೆಗೆ ತಲುಪುವುದಿಲ್ಲ. ಗುರಿಯನ್ನೂ ಅಳೆಯುವಂತೆ ಬರೆಯಬೇಕು: ಹಂಗಾಮು ಶುರುವಾಗುವ ಮೊದಲು ದೋಣಿಯನ್ನೂ, ಕಬ್ಬು ಕೊಡುವವರ ಕೈಗೆಟುಕುವಲ್ಲಿ ನಿಲುಗಡೆ ಗುಂಡಿಯನ್ನೂ ಕೂರಿಸಿರಬೇಕು.

ಅನುಷ್ಠಾನವೆಂದರೆ ಅದನ್ನು ಕೂರಿಸಿ, ಹೊಸದಾಗಿ ಬಂದ ಆಳಿಗೆ ಅವನ ಭಾಷೆಯಲ್ಲೇ ತೋರಿಸಿಕೊಡುವುದು.

ನಿಜವಾದ ಪರೀಕ್ಷೆ ಇರುವುದು ಪರಿಶೀಲನೆಯಲ್ಲಿ. ‘ಯಾರಿಗೂ ಗಾಯವಾಗಿಲ್ಲ’ ಎಂಬ ದಾಖಲೆಯಿಂದ ತಡೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಹೇಳದೆ ರಾತ್ರಿ ಹೋಗಿ ನೋಡಿದಾಗ ದೋಣಿಯ ಬೋಲ್ಟುಗಳು ಬಿಚ್ಚಿದ್ದು, ದೋಣಿ ಗೋಡೆಗೆ ಒರಗಿದ್ದರೆ, ಆಳಿಗೆ ದಂಡ ಹಾಕುವ ಮೊದಲು ಅದನ್ನು ಏಕೆ ಬಿಚ್ಚಿದನೆಂದು ಕೇಳಬೇಕು. ಡೊಂಕು ಕಬ್ಬು ದೋಣಿಯೊಳಗೆ ಸಿಕ್ಕಿಕೊಳ್ಳುತ್ತದೆ, ಪ್ರತಿ ಸಲ ಬಿಚ್ಚಿ ಕೂರಿಸುತ್ತಿದ್ದರೆ ಕೊಪ್ಪರಿಗೆಗೆ ಹಾಲು ಸಾಲುವುದಿಲ್ಲ ಎಂದು ಆತ ಉತ್ತರಿಸಿದರೆ ದೋಷವಿರುವುದು ವಿನ್ಯಾಸದಲ್ಲಿ.

ಸುಧಾರಣಾ ಕ್ರಮ ಆ ಉತ್ತರದಿಂದಲೇ ಆರಂಭವಾಗುತ್ತದೆ. ಡೊಂಕು ಕಬ್ಬನ್ನು ಮೊದಲೇ ತುಂಡು ಮಾಡಲು ಪಕ್ಕದಲ್ಲೊಂದು ಮೇಜು ಹಾಕಬೇಕು. ಸಿಕ್ಕಿದ್ದನ್ನು ತೆಗೆಯಲು ದೋಣಿಯ ಮುಚ್ಚಳ ತೆರೆದರೆ ಮೋಟಾರು ತಾನಾಗಿ ನಿಲ್ಲುವ ಸ್ವಿಚ್ ಜೋಡಿಸಬೇಕು. ಮೇಜಿನ ಮೇಲೆ ಮಚ್ಚು ಬಂದೊಡನೆ ಹೊಸ ಅಪಾಯವೂ ಬಂದಿತೆಂದೇ ಅರ್ಥ; ಅದನ್ನು ಅಪಾಯಗಳ ಪಟ್ಟಿಗೆ ಸೇರಿಸಿ, ಮತ್ತೆ ಯೋಜನೆಯಿಂದ ತೊಡಗಬೇಕು. ಹಂಗಾಮಿನ ಕೊನೆಗೆ ಮಾಲೀಕರೇ ಕುಳಿತು ಈ ದಾಖಲೆಗಳನ್ನು ಪುನರ್‌ವಿಮರ್ಶಿಸಿ, ಮುಂದಿನ ಹಂಗಾಮಿಗೆ ಬೇಕಾದ ಹಣವನ್ನೂ ಹೊಣೆಗಾರರನ್ನೂ ಆಗಲೇ ಗೊತ್ತುಮಾಡಬೇಕು.