ಭಾನುವಾರ ಪ್ಲಾಟ್ ತೋರಿಸಬೇಕಾದರೆ ಮಂಗಳವಾರ ಏನು ಮಾಡಬೇಕು

ಕಲಬುರಗಿಯಲ್ಲಿ ಪ್ಲಾಟು, ಮನೆ ಕೊಡಿಸುವ ಏಜೆಂಟ್ ಕೆಲಸ ಶುರು ಮಾಡಿದ ಹೊಸದರಲ್ಲಿ ನನ್ನ ವಾರವೆಲ್ಲ ಬೈಕಿನ ಮೇಲೇ ಕಳೆಯುತ್ತಿತ್ತು. ಯಾರು ಫೋನ್ ಮಾಡಿದರೂ "ಬರ್ರಿ, ಈಗೇ ತೋರಸ್ತೀನಿ" ಅನ್ನುತ್ತಿದ್ದೆ. ಬೆಳಿಗ್ಗೆ ಸೇಡಂ ರಸ್ತೆ, ಮಧ್ಯಾಹ್ನ ಆಳಂದ ರಸ್ತೆ, ಸಂಜೆ ಹುಮನಾಬಾದ್ ರಸ್ತೆ. ಪೆಟ್ರೋಲ್ ಸುಡುತ್ತಿತ್ತು, ರಿಜಿಸ್ಟ್ರಿ ಮಾತ್ರ ಆಗುತ್ತಿರಲಿಲ್ಲ.

ನನಗೆ ಪಾಠ ಕಲಿಸಿದ್ದು ಒಬ್ಬ ಶಿಕ್ಷಕ ದಂಪತಿಯ ವ್ಯವಹಾರ. ಹುಮನಾಬಾದ್ ರಸ್ತೆ ಕಡೆ ಒಂದು 30x40 ಪ್ಲಾಟ್ ಭಾನುವಾರ ತೋರಿಸಿದೆ. ಪೂರ್ವಕ್ಕೆ ಮುಖ, ಮುಂದೆ ಡಾಂಬರ್ ರಸ್ತೆ. ನೋಡಿದ ಕೂಡಲೇ ಮೆಚ್ಚಿಕೊಂಡರು. ಸೋಮವಾರ 50,000 ರೂಪಾಯಿ ಬಯಾನಾ ಕೊಟ್ಟರು. ಆಮೇಲೆ ನಾನು ಇಸಿ, ಅಂದರೆ ಆ ಪ್ಲಾಟಿನ ಮೇಲೆ ನೋಂದಣಿಯಾದ ಸಾಲ, ಮಾರಾಟ ತೋರಿಸುವ ಋಣಭಾರ ಪತ್ರ, ತೆಗೆಸಿದೆ. ನೋಡಿದರೆ, ಒಂಬತ್ತು ವರ್ಷದ ಹಿಂದಿನ ಒಂದು ಅಡಮಾನ ಪತ್ರ ಅದರಲ್ಲಿ ಇನ್ನೂ ಕೂತಿದೆ!

ಮಾಲೀಕರು ಸುಳ್ಳು ಹೇಳಿರಲಿಲ್ಲ. ಸಾಲ ತೀರಿಸಿದ್ದರು, ಬ್ಯಾಂಕಿನ ಪತ್ರವೂ ಇತ್ತು. ಆದರೆ ಅಡಮಾನದ ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಿರಲಿಲ್ಲ. ನೋಂದಣಿ ಆಗುವವರೆಗೆ ಇಸಿಯಲ್ಲಿ ಆ ಸಾಲ ಬಾಕಿ ಇದ್ದ ಹಾಗೇ ಕಾಣುತ್ತದೆ. ಶಿಕ್ಷಕರಿಗೂ ಗೃಹಸಾಲ ಬೇಕಿತ್ತು, ಅವರ ಬ್ಯಾಂಕು ಫೈಲು ಮುಂದಕ್ಕೆ ಕಳಿಸಲಿಲ್ಲ. ಬಿಡುಗಡೆ ಆಗುವ ಹೊತ್ತಿಗೆ 23 ದಿನ ಹೋದವು. ಅಷ್ಟರಲ್ಲಿ ಅವರು ಬೇರೆ ಕಡೆ ಪ್ಲಾಟ್ ಹಿಡಿದರು. ಬಯಾನಾ ವಾಪಸ್, ನನ್ನ ಕಮಿಷನ್ನೂ ಹೋಯಿತು.

ಆವತ್ತಿನಿಂದ ವಾರವನ್ನು ತಿರುವಿಹಾಕಿದೆ. ಮೊದಲು ಕಾಗದ, ಆಮೇಲೆ ಪ್ಲಾಟ್.

ಮಂಗಳವಾರ, ಬುಧವಾರ ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆವರೆಗೆ ಬೈಕ್ ಮುಟ್ಟುವುದಿಲ್ಲ. ಆ ವಾರಾಂತ್ಯ ತೋರಿಸಬೇಕಾದ ಪ್ಲಾಟ್‌ಗಳ ಇಸಿಗೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುತ್ತೇನೆ. ಹೊಲದ ಜಾಗವನ್ನು ಕೃಷಿಯೇತರ ಮಾಡಿದ ಎನ್‌ಎ ಆದೇಶ, ಲೇಔಟ್ ನಕ್ಷೆ, ಇ-ಖಾತಾ ಇವೆಯಾ ನೋಡುತ್ತೇನೆ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯ. ಅದಿಲ್ಲದ ಪ್ಲಾಟ್ ತೋರಿಸಿ ಸುಮ್ನೆ ಆಸೆ ಹುಟ್ಟಿಸುವುದು ಯಾಕೆ?

ಇಸಿ ಕ್ಲೀನ್ ಇದ್ದರೂ ನಾನು ಅಲ್ಲಿಗೇ ನಿಲ್ಲಿಸುವುದಿಲ್ಲ. ಮೂಲ ಕ್ರಯಪತ್ರವನ್ನು ಬ್ಯಾಂಕಿನಲ್ಲಿ ಇಟ್ಟು ತೆಗೆದ ಸಾಲ ಎಷ್ಟೋ ಸಲ ಇಸಿಯಲ್ಲಿ ಬರುವುದೇ ಇಲ್ಲ. ಅದಕ್ಕೆ ಮಾಲೀಕರಿಗೆ ಜೆರಾಕ್ಸ್ ಬೇಡ, ಮೂಲ ಪ್ರತಿ ತೋರಿಸಿ ಅನ್ನುತ್ತೇನೆ. "ಅದು ಊರಾಗ ಅಣ್ಣನ ಮನಿಯಾಗ ಐತ್ರಿ" ಅಂದರೆ ಇನ್ನೊಮ್ಮೆ ಕೇಳುತ್ತೇನೆ. ಎರಡನೇ ಸಲವೂ ಅದೇ ಉತ್ತರ ಬಂದರೆ ಆ ಪ್ಲಾಟ್ ಪಟ್ಟಿಯಿಂದ ಹೊರಗೆ.

ಗುರುವಾರ ಸಂಜೆ ಒಬ್ಬನೇ ಟೇಪು ಹಿಡಿದು ಹೋಗುತ್ತೇನೆ. ಕ್ರಯಪತ್ರದ ಚಕ್ಕುಬಂದಿ ಓದುತ್ತಾ ನಾಲ್ಕೂ ದಿಕ್ಕು ತಾಳೆ ನೋಡುತ್ತೇನೆ. ಖಾಲಿ ಲೇಔಟಿನಲ್ಲಿ ಎಲ್ಲ ಪ್ಲಾಟ್ ಒಂದೇ ತರ ಕಾಣುತ್ತವೆ. ಒಮ್ಮೆ ಮಾಲೀಕರೇ ಪಕ್ಕದವರ ಪ್ಲಾಟ್ ತೋರಿಸಿದ್ದರು, ಪಾಪ, ಬೆಂಗಳೂರಲ್ಲಿ ಇರುವವರು, ಐದು ವರ್ಷದಿಂದ ಈ ಕಡೆ ಬಂದೇ ಇರಲಿಲ್ಲ.

ಜನರನ್ನು ಕರೆದೊಯ್ಯುವುದು ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಮಾತ್ರ. ದಿನಕ್ಕೆ ಮೂರಕ್ಕಿಂತ ಜಾಸ್ತಿ ಇಲ್ಲ, ಅದೂ ಒಂದೇ ರಸ್ತೆಯ ಕಡೆಯವು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತರ ಒಳಗೆ, ಇಲ್ಲಾ ಸಂಜೆ ಐದೂವರೆ ಮೇಲೆ. ನಮ್ಮೂರ ಬಿಸಿಲಲ್ಲಿ ನಡು ಮಧ್ಯಾಹ್ನ ನಿಂತವರು ಪ್ಲಾಟ್ ನೋಡುವುದಿಲ್ಲ, ನೆರಳು ಹುಡುಕುತ್ತಾರೆ.

ಸೋಮವಾರ ಫೋನಿನ ದಿನ. ಬೆಳಿಗ್ಗೆ ಹನ್ನೊಂದಕ್ಕೆ ಮಾಲೀಕರಿಗೆ, ಸಂಜೆ ಏಳರ ಮೇಲೆ ನೋಡಿ ಹೋದವರಿಗೆ. ಆಗ ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿ ಇರುತ್ತಾರೆ, ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಿಸುವ ಗೋಜಿಲ್ಲ. ಯಾರಿಗೆ ಮೊದಲು ಮಾಡಬೇಕು ಅನ್ನುವುದಕ್ಕೆ ನೋಟ್‌ಬುಕ್ ಇದೆ. ಅದರಲ್ಲಿ ಅವರು ಪ್ಲಾಟಿನ ಹತ್ತಿರ ನಿಂತು ಕೇಳಿದ ಪ್ರಶ್ನೆ ಬರೆದಿರುತ್ತೇನೆ. ಬೋರ್‌ವೆಲ್ ನೀರು, ಒಳಚರಂಡಿ, ಸಾಲ ಕೊಡುವ ಬ್ಯಾಂಕು ಕೇಳಿದವರು ಮೇಲೆ. ಬರೀ "ಫೈನಲ್ ಎಷ್ಟ್ರಿ?" ಅಂದವರು ಕೆಳಗೆ. ಉತ್ತರ ಗೊತ್ತಿಲ್ಲದ ಪ್ರಶ್ನೆ ಇದ್ದರೆ ಅದನ್ನು ತಿಳಿದುಕೊಂಡೇ ಫೋನ್ ಮಾಡುತ್ತೇನೆ. "ಏನ್ ವಿಚಾರ ಮಾಡಿದ್ರಿ?" ಅಂತ ಕೇಳಿದರೆ "ವಿಚಾರ ಮಾಡಿ ಹೇಳ್ತೀವ್ರಿ" ಅನ್ನುತ್ತಾರೆ, ಅಷ್ಟೇ. "ನೀವು ಕೇಳಿದ ಒಳಚರಂಡಿ ಲೈನ್ ಮೂಲೆವರೆಗೆ ಬಂದದರಿ" ಅಂದರೆ ಮಾತು ಬೆಳೆಯುತ್ತದೆ. ಹಾಗೆ ಮೂರು ಸಲ ಮಾಡಿದ ಮೇಲೂ ಜಗ್ಗದವರಿಗೆ ನಾಲ್ಕನೇ ಸಲ ಮಾಡುವುದಿಲ್ಲ.

ಅಮಾವಾಸ್ಯೆ ದಿನ ಬಯಾನಾ ಕೊಡಲು ಇಲ್ಲಿ ಯಾರೂ ಬರುವುದಿಲ್ಲ. ಅದು ಯಾವ ವಾರ ಬಿದ್ದರೂ ಸರಿ, ಹಳೇ ಫೈಲು ಜೋಡಿಸಿಡುವ ಕೆಲಸಕ್ಕೆ ಬಿಟ್ಟಿದ್ದೇನೆ.