ಒಂದು ಸೆನ್ಸರ್ ಸಾಕು ಅಂದುಕೊಂಡು ಮೂರು ಸಲ ಟೈರ್ ಬಿಚ್ಚಿಸಿದೆ

ಕಾರಿಗೆ 8 ವರ್ಷ ತುಂಬಿತ್ತು. ಟೈರ್‌ಗಳು ಸವೆದು ಹೊಸದು ಹಾಕಿಸುವ ಹೊತ್ತು ಬಂದಿತ್ತು. ಅದಕ್ಕೂ ಎರಡು ವಾರ ಮೊದಲಿನಿಂದ ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಟೈರ್ ಗಾಳಿಯ ದೀಪ ಸುಮಾರು ಒಂದು ನಿಮಿಷ ಮಿಣುಕುತ್ತಿತ್ತು, ಆಮೇಲೆ ಹಾಗೇ ಉರಿಯುತ್ತಾ ನಿಲ್ಲುತ್ತಿತ್ತು. ಮಧ್ಯಾಹ್ನ ಬಿಸಿಲೇರಿದ ಮೇಲೆ ಕಾರು ತೆಗೆದರೆ ದೀಪವೇ ಇಲ್ಲ. ಗಾಳಿ ನೋಡಿದರೆ ನಾಲ್ಕೂ ಚಕ್ರದಲ್ಲಿ ಸರಿಯಾಗಿ 33 ಪಿಎಸ್‌ಐ.

ಈ ಮಿಣುಕಾಟಕ್ಕೆ ಒಂದು ಅರ್ಥವಿದೆ. ಪ್ರತಿ ಚಕ್ರದ ಒಳಗೂ ಗಾಳಿ ಅಳೆದು ರೇಡಿಯೋ ಸಿಗ್ನಲ್‌ನಲ್ಲಿ ಕಾರಿಗೆ ಹೇಳುವ, ತನ್ನದೇ ಬ್ಯಾಟರಿ ಇರುವ ಸಣ್ಣ ಸೆನ್ಸರ್ ಒಂದಿರುತ್ತದೆ. ದೀಪ ಮೊದಲಿನಿಂದಲೇ ಸ್ಥಿರವಾಗಿ ಉರಿದರೆ ಯಾವುದೋ ಟೈರಿನಲ್ಲಿ ಗಾಳಿ ಕಡಿಮೆ ಇದೆ ಅಂತ. ಮೊದಲು ಮಿಣುಕಿ ಆಮೇಲೆ ಉರಿಯುತ್ತಾ ನಿಂತರೆ ಗಾಳಿಯ ಮಾತಲ್ಲ, ಯಾವುದೋ ಸೆನ್ಸರಿನ ಮಾತು ಕಾರಿಗೆ ಕೇಳಿಸುತ್ತಿಲ್ಲ ಅಂತ. ಚಳಿಯಲ್ಲಿ ಬಂದು ಬಿಸಿಲಿಗೆ ಹೋಗುತ್ತಿದ್ದರೆ ಆ ಸೆನ್ಸರಿನ ಬ್ಯಾಟರಿ ಕೊನೆ ಹಂತಕ್ಕೆ ಬಂದಿದೆ ಅಂತಲೇ ಲೆಕ್ಕ. ಲಿಥಿಯಂ ಸೆಲ್ ಹಳೆಯದಾದಾಗ ಅದರ ಒಳಗಿನ ತಡೆ ಏರುತ್ತದೆ, ತಂಪಿನಲ್ಲಿ ಇನ್ನೂ ಏರುತ್ತದೆ. ರೇಡಿಯೋ ಸಿಗ್ನಲ್ ಕಳಿಸುವ ಆ ಒಂದು ಕ್ಷಣಕ್ಕೆ ಬೇಕಾದ ಕರೆಂಟ್ ಕೊಡಲು ಆಗುವುದಿಲ್ಲ.

ನನ್ನ ಹತ್ತಿರ ಸೆನ್ಸರ್ ಓದುವ ಕೈಯಲ್ಲಿ ಹಿಡಿಯುವ ಟೂಲ್ ಒಂದಿದೆ. ವಾಲ್ವ್ ಹತ್ತಿರ ಟೈರಿನ ಪಕ್ಕಕ್ಕೆ ಹಿಡಿದು ಬಟನ್ ಒತ್ತಿದರೆ ಅದು 125 ಕಿಲೋಹರ್ಟ್ಸ್ ಸಿಗ್ನಲ್ ಬಿಟ್ಟು ಒಳಗೆ ಮಲಗಿರುವ ಸೆನ್ಸರನ್ನು ಎಬ್ಬಿಸುತ್ತದೆ. ಸೆನ್ಸರ್ ತನ್ನ ನಂಬರ್, ಗಾಳಿ, ಉಷ್ಣತೆ ಮತ್ತು ಬ್ಯಾಟರಿ ಹೇಗಿದೆ ಅನ್ನುವುದನ್ನು ಹೇಳುತ್ತದೆ. ಟೈರ್ ಹಾಕಿಸುವ ದಿನ ಬೆಳಗ್ಗೆ ನಾಲ್ಕೂ ಚಕ್ರ ಓದಿದೆ. ಮೂರು ಉತ್ತರ ಕೊಟ್ಟವು, ಬ್ಯಾಟರಿ `OK` ಅಂತಲೂ ತೋರಿಸಿತು. ಬಲ ಮುಂದಿನದು ಮಾತ್ರ ಎಷ್ಟು ಸಲ ಒತ್ತಿದರೂ ಉಸಿರೆತ್ತಲಿಲ್ಲ.

ಟೈರ್ ಹಾಕುವವನೂ ನೋಡಿ, "ಒಂದೇ ಹೋಗಿರೋದು ಸರ್, ಉಳಿದವು ಚೆನ್ನಾಗೇ ಇದಾವೆ, ಸುಮ್ನೆ ಯಾಕೆ ಬದಲಾಯಿಸ್ತೀರಾ?" ಅಂದ. ನನಗೂ ಹೌದು ಅನ್ನಿಸಿತು. ಬಲ ಮುಂದಿನದೊಂದನ್ನೇ ಬದಲಿಸಿದೆ.

ನಾನು ಎಡವಿದ್ದು ಆ `OK` ಮೇಲೆ. ಈ ಸೆಲ್‌ಗಳ ವೋಲ್ಟೇಜ್ ಮೆಲ್ಲಮೆಲ್ಲಗೆ ಇಳಿಯುವುದಿಲ್ಲ. ವರ್ಷಗಟ್ಟಲೆ ಹೆಚ್ಚೂ ಕಡಿಮೆ ಒಂದೇ ಮಟ್ಟದಲ್ಲಿ ಇದ್ದು, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ಅದಕ್ಕೇ ಅರ್ಧ ಆಯಸ್ಸು ಉಳಿದ ಸೆನ್ಸರೂ `OK` ಅನ್ನುತ್ತದೆ, ಇನ್ನು ಕೆಲವೇ ತಿಂಗಳು ಉಳಿದದ್ದೂ `OK` ಅನ್ನುತ್ತದೆ. ಕೆಟ್ಟಿದೆ ಅಂತ ಹೇಳಿದರೆ ನಂಬಬಹುದು, ಚೆನ್ನಾಗಿದೆ ಅಂದರೆ ಅದಕ್ಕೆ ಹೆಚ್ಚು ಬೆಲೆ ಇಲ್ಲ. ನಂಬಬೇಕಾದ್ದು ವಯಸ್ಸನ್ನು. ಇವುಗಳ ಆಯಸ್ಸು ಸಾಮಾನ್ಯವಾಗಿ 5ರಿಂದ 10 ವರ್ಷ. ನಾಲ್ಕೂ ಒಂದೇ ದಿನ ಕಾರಿಗೆ ಬಂದವು, ಒಂದೇ ದಾರಿಯಲ್ಲಿ ಓಡಿದವು. ಒಂದು ಸತ್ತಿದೆ ಅಂದರೆ ಉಳಿದ ಮೂರು ಸಾಲಿನಲ್ಲಿ ನಿಂತಿವೆ, ಅಷ್ಟೇ.

5 ತಿಂಗಳಿಗೆ ಎಡ ಹಿಂದಿನದು ಹೋಯಿತು. ಹೊಸ ಟೈರನ್ನು ಮತ್ತೆ ಬಿಚ್ಚಿಸಿ ಅದನ್ನು ಬದಲಿಸಿದೆ, ಚಕ್ರ ಮತ್ತೆ ಬ್ಯಾಲೆನ್ಸ್ ಮಾಡಿಸಿದೆ. ಇನ್ನೆರಡು ತಿಂಗಳಿಗೆ ಎಡ ಮುಂದಿನದು ಬೆಳಗ್ಗೆ ಬೆಳಗ್ಗೆ ಕಣ್ಣಾಮುಚ್ಚಾಲೆ ಶುರು ಮಾಡಿತು. ಆಗ ಬುದ್ಧಿ ಬಂದು, ಬಲ ಹಿಂದಿನದು ಚೆನ್ನಾಗಿ ಉತ್ತರ ಕೊಡುತ್ತಿದ್ದರೂ ಎರಡನ್ನೂ ಒಟ್ಟಿಗೆ ತೆಗೆಸಿದೆ. ಸೆನ್ಸರ್ ಕೂರಿಸುವುದು ಐದು ನಿಮಿಷದ ಕೆಲಸ. ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸಿ ಮತ್ತೆ ಕೂರಿಸಿ ಬ್ಯಾಲೆನ್ಸ್ ಮಾಡುವುದೇ ದೊಡ್ಡದು. ಟೈರ್ ಬದಲಿಸುವ ದಿನ ಆ ದೊಡ್ಡ ಕೆಲಸ ಹೇಗೂ ಆಗಿಯೇ ಆಗುತ್ತದೆ, ಅಲ್ವಾ?

ಬ್ಯಾಟರಿ ಮಾತ್ರ ಬದಲಿಸಬಾರದೇ ಅಂತ ಕೇಳುವವರಿದ್ದಾರೆ. ನಾನೂ ಸತ್ತ ಸೆನ್ಸರ್ ಒಂದನ್ನು ಬಿಚ್ಚಿ ನೋಡಿದೆ. ಒಳಗೆಲ್ಲ ರಬ್ಬರಿನ ಹಾಗಿರುವ ಅಂಟು ತುಂಬಿಸಿದ್ದರು. ಚಾಕುವಿನ ತುದಿಯಿಂದ ಕೆರೆದು ಕೆರೆದು ಸೆಲ್ ತನಕ ಹೋದರೆ, ಅದರ ಎರಡೂ ಕಡೆ ಲೋಹದ ಪಟ್ಟಿಯನ್ನು ವೆಲ್ಡ್ ಮಾಡಿದ್ದಾರೆ. ಪಟ್ಟಿ ಎಬ್ಬಿಸುವಾಗ ಬೋರ್ಡಿನ ತಾಮ್ರದ ಗೆರೆಯೂ ಕಿತ್ತು ಬಂತು. ಒಂದು ವೇಳೆ ಸರಿಯಾಗಿ ಹಾಕಿ ಮುಚ್ಚಿದರೂ ಅದು ಇರಬೇಕಾದ್ದು ತಿರುಗುವ ಚಕ್ರದ ಒಳಗೆ. 100 ಕಿಲೋಮೀಟರ್ ವೇಗದಲ್ಲಿ 30 ಗ್ರಾಂ ಸೆನ್ಸರನ್ನು ಹೊರಕ್ಕೆ ಎಳೆಯುವ ಬಲ ಸುಮಾರು 5 ಕೆಜಿ ತೂಕದಷ್ಟು. ಮೇಜಿನ ಮೇಲೆ ಕೂತು ಮಾಡಿದ ಬೆಸುಗೆಯನ್ನು ಅಲ್ಲಿ ನಂಬುವ ಧೈರ್ಯ ನನಗಿಲ್ಲ.

ಇನ್ನು ಹೊಸ ಸೆನ್ಸರನ್ನು ಕಾರಿಗೆ ಪರಿಚಯಿಸುವುದು. ಪ್ರತಿ ಸೆನ್ಸರಿಗೂ ತನ್ನದೇ ನಂಬರ್ ಇರುತ್ತದೆ, ಕಾರು ತನಗೆ ಗೊತ್ತಿರುವ ನಾಲ್ಕು ನಂಬರಿಗೆ ಮಾತ್ರ ಕಿವಿ ಕೊಡುತ್ತದೆ. ಇದಕ್ಕೆ ಎರಡು ದಾರಿ ನಾನು ನೋಡಿದೆ. ಮೊದಲನೆಯದು ನಕಲು. ಪ್ರೋಗ್ರಾಮ್ ಮಾಡಬಹುದಾದ ಸೆನ್ಸರ್ ತಂದು ಅದಕ್ಕೆ ಹಳೆಯದರ ನಂಬರನ್ನೇ ಬರೆದರೆ ಕಾರಿಗೆ ಏನೂ ಬದಲಾದದ್ದು ಗೊತ್ತಾಗುವುದಿಲ್ಲ, ಕಾರಿಗೆ ಹೊಸದಾಗಿ ಕಲಿಸುವ ಕೆಲಸ ಬೇಡ. ಆದರೆ ತರುವಾಗ ಕಾರಿಗೆ ಬೇಕಾದ ಫ್ರೀಕ್ವೆನ್ಸಿ ನೋಡಿಕೊಳ್ಳಿ. 315 ಮತ್ತು 433 ಮೆಗಾಹರ್ಟ್ಸ್ ಎಂಬ ಎರಡು ಬಗೆ ಇವೆ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಸತ್ತ ಸೆನ್ಸರ್ ನಂಬರ್ ಹೇಳುವುದಿಲ್ಲವಲ್ಲ? ಅದರ ಮೈಮೇಲೆ ಅಚ್ಚಾಗಿರುತ್ತದೆ, ಟೈರ್ ಬಿಚ್ಚಿದಾಗ ಓದಬಹುದು. ಬಲ ಮುಂದಿನದಕ್ಕೆ ಹಾಗೆಯೇ ಮಾಡಿದೆ. ಧೂಳು ಒರೆಸಿ, ಮೊಬೈಲ್ ಟಾರ್ಚ್ ಹಿಡಿದು 8 ಅಕ್ಷರ ಓದಿ ಟೂಲಿಗೆ ಒತ್ತಿದೆ. ಅರ್ಧ ಗಂಟೆ ಓಡಿಸಿದರೂ ದೀಪ ಮಿಣುಕುವುದು ನಿಲ್ಲಲಿಲ್ಲ. ಹಳೆಯ ಸೆನ್ಸರನ್ನು ಎಸೆಯದೆ ಜೇಬಿನಲ್ಲಿ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಮತ್ತೆ ನೋಡಿದರೆ ನಾನು `8` ಅಂತ ಓದಿದ್ದು `B` ಆಗಿತ್ತು. ಅದೃಷ್ಟಕ್ಕೆ ಈ ಬಗೆಯ ಸೆನ್ಸರಿಗೆ ಟೈರಿನ ಹೊರಗಿನಿಂದಲೇ ಮತ್ತೆ ನಂಬರ್ ಬರೆಯಬಹುದು, ಬಿಚ್ಚುವ ಕೆಲಸ ಉಳಿಯಿತು.

ಎರಡನೆಯ ದಾರಿ, ಹೊಸ ನಂಬರಿನೊಂದಿಗೇ ಹಾಕಿ ಕಾರಿಗೆ ಕಲಿಸುವುದು. ಕೆಲವು ಕಾರು ಓಡಿಸಿದರೆ ತಾನೇ ಕಲಿಯುತ್ತದೆ. ಕೆಲವಕ್ಕೆ ಟೂಲನ್ನು ಮೆಕ್ಯಾನಿಕ್ ಕಾರಿನ ದೋಷ ಓದಲು ಬಳಸುವ ಓಬಿಡಿ ಸಾಕೆಟ್ಟಿಗೆ ಚುಚ್ಚಿ ನಂಬರ್‌ಗಳನ್ನು ಬರೆಯಬೇಕು. ನನ್ನದು ನಿಂತಲ್ಲೇ ಕಲಿಯುವ ಬಗೆ. ಕಲಿಯುವ ಮೋಡಿಗೆ ಹಾಕಿದರೆ ಹಾರ್ನ್ ಎರಡು ಸಲ ಕೂಗುತ್ತದೆ. ಆಮೇಲೆ ಎಡ ಮುಂದೆ, ಬಲ ಮುಂದೆ, ಬಲ ಹಿಂದೆ, ಎಡ ಹಿಂದೆ ಅಂತ ಗಡಿಯಾರದ ಮುಳ್ಳಿನ ಹಾಗೆ ಸುತ್ತು ಬಂದು ಒಂದೊಂದನ್ನೇ ಟೂಲಿನಿಂದ ಎಬ್ಬಿಸಬೇಕು. ಒಂದೊಂದಕ್ಕೂ ಹಾರ್ನ್ ಒಮ್ಮೆ ಕೂಗುತ್ತದೆ. ಮೊದಲ ಚಕ್ರಕ್ಕೆ 2 ನಿಮಿಷ, ಒಟ್ಟು 5 ನಿಮಿಷ ಸಮಯ. ಮೀರಿದರೆ ಮೊದಲಿನಿಂದ.

ಕೊನೆಯ ಎರಡು ಸೆನ್ಸರ್ ಹಾಕಿದ ದಿನ ಹೀಗೆ ಸುತ್ತು ಬಂದೆ. ನಾಲ್ಕು ಸಲ ಹಾರ್ನ್ ಕೂಗಿತು, ದೀಪ ಆರಿತು, ಡ್ಯಾಶ್‌ಬೋರ್ಡಿನಲ್ಲಿ ನಾಲ್ಕು ಚಕ್ರದ ಗಾಳಿಯೂ ಬಂತು. ಎಲ್ಲ ಸರಿಯಾಯಿತು ಅಂದುಕೊಳ್ಳಬಹುದಿತ್ತು. ಆದರೂ ಒಂದು ಪರೀಕ್ಷೆ ಮಾಡುವ ಅಭ್ಯಾಸ ಇದೆ. ಬಲ ಹಿಂದಿನ ಟೈರಿನ ಗಾಳಿಯನ್ನು ಬೇಕೆಂದೇ 26 ಪಿಎಸ್‌ಐಗೆ ಇಳಿಸಿ ಸ್ವಲ್ಪ ದೂರ ಓಡಿಸಿದೆ. ಡ್ಯಾಶ್‌ಬೋರ್ಡ್ ಎಡ ಹಿಂದಿನದರಲ್ಲಿ ಗಾಳಿ ಕಡಿಮೆ ಅಂತ ತೋರಿಸಿತು!

ನಡೆದದ್ದು ಇಷ್ಟು. ಬಲ ಮುಂದಿನದಾದ ಮೇಲೆ ಬಲ ಹಿಂದಕ್ಕೆ ಹೋಗುವ ಬದಲು, ಗಾಳಿ ಪಂಪು ಎಡಗಡೆ ಇದ್ದಿದ್ದರಿಂದ ಅದನ್ನು ಸರಿಸಲು ಹೋಗಿ, ಅಲ್ಲೇ ಇದ್ದ ಎಡ ಹಿಂದಿನ ಚಕ್ರಕ್ಕೆ ಟೂಲ್ ಹಿಡಿದಿದ್ದೆ. ನಾನು ಎಲ್ಲಿ ನಿಂತಿದ್ದೇನೆ ಅನ್ನುವುದು ಕಾರಿಗೆ ಗೊತ್ತಿಲ್ಲ. ಮೂರನೆಯದಾಗಿ ಕೇಳಿಸಿದ ನಂಬರನ್ನು ಬಲ ಹಿಂದಿನದು ಅಂತ ಬರೆದುಕೊಂಡಿತು, ಹಾರ್ನ್ ಖುಷಿಯಾಗಿ ಕೂಗಿತು. ಮುಂದೆಂದಾದರೂ ಪಂಕ್ಚರ್ ಆಗಿದ್ದರೆ ನಾನು ಚೆನ್ನಾಗಿರುವ ಟೈರಿಗೆ ಗಾಳಿ ತುಂಬುತ್ತಿದ್ದೆ. ಮತ್ತೆ ಕಲಿಯುವ ಮೋಡಿಗೆ ಹಾಕಿ ಸರಿಯಾಗಿ ಸುತ್ತು ಬಂದೆ. ಟೈರ್‌ಗಳನ್ನು ಹಿಂದೆ ಮುಂದೆ ಅದಲುಬದಲು ಮಾಡಿಸಿದಾಗಲೂ ನನ್ನ ಕಾರಿಗೆ ಇದೇ ಕೆಲಸ ಬೀಳುತ್ತದೆ.

ಕೂರಿಸುವಾಗಿನ ಒಂದು ಮಾತು. ಲೋಹದ ವಾಲ್ವ್ ಇರುವ ಸೆನ್ಸರಿನ ನಟ್ಟನ್ನು ಕೈಯಂದಾಜಿನಲ್ಲಿ ಬಿಗಿಯುವವರೇ ಜಾಸ್ತಿ. ಪ್ಯಾಕೆಟ್ಟಿನಲ್ಲಿ ಎಷ್ಟು ನ್ಯೂಟನ್ ಮೀಟರ್ ಅಂತ ಬರೆದಿರುತ್ತದೆ, ನನ್ನದಕ್ಕೆ 4 ಇತ್ತು. ಅದು ತೀರಾ ಸಣ್ಣ ಬಿಗಿ. ಚಕ್ರದ ನಟ್ ಬಿಗಿದ ಕೈಯಿಂದಲೇ ಬಿಗಿದರೆ ವಾಲ್ವಿನ ಕುತ್ತಿಗೆ ಮುರಿಯುತ್ತದೆ, ಇಲ್ಲವೇ ರಬ್ಬರ್ ಬಳೆ ಹಿಸುಕಿ ಮೆಲ್ಲಗೆ ಗಾಳಿ ಸೋರುತ್ತದೆ. ಒಳಗಿನ ವಾಲ್ವ್ ಪಿನ್ ಕೂಡ ನಿಕಲ್ ಲೇಪದ್ದೇ ಆಗಬೇಕು. ಮಾಮೂಲಿ ಹಿತ್ತಾಳೆಯದನ್ನು ಅಲ್ಯೂಮಿನಿಯಂ ವಾಲ್ವಿಗೆ ಹಾಕಿದರೆ ತೇವಕ್ಕೆ ಎರಡೂ ಕಚ್ಚಿಕೊಂಡು, ಮುಂದೆ ಪಿನ್ ತಿರುಗಿಸಲು ಹೋದಾಗ ವಾಲ್ವೇ ಕೈಗೆ ಬರುತ್ತದೆ. ಸೋಪಿನ ನೀರು ಹಾಕಿ ಗುಳ್ಳೆ ಬರುತ್ತದಾ ನೋಡಿ ಆಮೇಲೆ ಚಕ್ರವನ್ನು ಕಾರಿಗೆ ಹಾಕಿದೆ.

ಮೊನ್ನೆ ಅಣ್ಣನ ಕಾರಿಗೆ ಹೊಸ ಟೈರ್ ಹಾಕಿಸುವಾಗ ನನ್ನನ್ನೂ ಕರೆದಿದ್ದ. 7 ವರ್ಷದ ಕಾರು, ನಾಲ್ಕೂ ಸೆನ್ಸರ್ `OK`. "ಎಲ್ಲ ಸರಿ ಇದೆಯಲ್ಲೋ, ಹಾಗೇ ಬಿಡೋಣ" ಅಂದ. ನಾನು ಬಿಡಲಿಲ್ಲ. ಉತ್ತರ ಕೊಡುತ್ತಿದ್ದವು ಅನ್ನುವುದು ಒಂದು ಅನುಕೂಲವೇ ಆಯಿತು. ಬಿಚ್ಚುವ ಮೊದಲೇ ನಾಲ್ಕರ ನಂಬರನ್ನೂ ಟೂಲಿನಿಂದ ಓದಿ ನೇರವಾಗಿ ಹೊಸದಕ್ಕೆ ನಕಲಿಸಿದೆ, `8` ಮತ್ತು `B` ತಲೆನೋವೇ ಇಲ್ಲ. ಯಾವುದು ಯಾವ ಚಕ್ರದ್ದು ಅಂತ ಹೊಸ ಸೆನ್ಸರ್ ಮೇಲೆ ಮಾರ್ಕರಿನಲ್ಲಿ ಬರೆದು ಟೈರ್ ಹಾಕುವವನ ಕೈಗೆ ಒಂದೊಂದಾಗಿ ಕೊಟ್ಟೆ. ಹಳೆಯವು ಇನ್ನೂ ಜೀವಂತ, ಅದೇ ನಂಬರಿನವು. ಕಾರಿನ ಡಿಕ್ಕಿಯಲ್ಲಿ ಬಿದ್ದಿದ್ದರೆ ಗಾಳಿ ಸೊನ್ನೆ ಅಂತ ಅವೂ ಕೂಗಿಕೊಂಡಾವು ಅಂತ ನಾಲ್ಕನ್ನೂ ಡಬ್ಬಿಗೆ ಹಾಕಿಕೊಂಡು ನನ್ನ ಮನೆಗೆ ತಂದುಬಿಟ್ಟೆ.