ಕಿತ್ತ ಮೇಲೆ ಹಣ್ಣಾಗುವುದು ಯಾವುದು, ಆಗದಿರುವುದು ಯಾವುದು

ಹುಳಿ ದ್ರಾಕ್ಷಿಯನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು ನಾಲ್ಕು ದಿನ ಕಾದರೆ ಏನು ಸಿಗುತ್ತದೆ? ಬಾಡಿದ ಹುಳಿ ದ್ರಾಕ್ಷಿ ಸಿಗುತ್ತದೆ, ಇನ್ನೇನು. ಹಾಗೆ ಮಾಡುವವರೇ ಕಲ್ಲಿನಂತಿರುವ ಮಾವಿನಕಾಯಿಯನ್ನು ತಂದ ಕೂಡಲೇ ಫ್ರಿಜ್ಜಿಗೆ ತುರುಕುತ್ತಾರೆ. ವಾರದ ಮೇಲೆ ತೆಗೆದು ನೋಡಿ, ಈ ಸಲದ ಹಣ್ಣೇ ಸರಿಯಿಲ್ಲ ಎಂದು ಮೂಗು ಮುರಿಯುತ್ತಾರೆ. ಅಲ್ಲ ಕಣ್ರಮ್ಮಾ, ಕಾಯಲು ಬಿಡಬೇಕಾದ್ದನ್ನು ಚಳಿಗೆ ಹಾಕಿ, ಕಾದು ಪ್ರಯೋಜನವಿಲ್ಲದ್ದನ್ನು ಡಬ್ಬಕ್ಕೆ ಹಾಕಿದರೆ ಹಣ್ಣು ಏನು ಮಾಡೀತು?

ಇದರ ಗುಟ್ಟೆಲ್ಲ ಕೂಡಿಟ್ಟ ಗಂಟಿನಲ್ಲಿದೆ. ಸಕ್ಕರೆ ತಯಾರಾಗುವುದು ಎಲೆಯಲ್ಲಿ, ಅಲ್ಲಿಂದ ತೊಟ್ಟಿನ ಮೂಲಕ ಕಾಯಿಗೆ ಇಳಿಯುತ್ತದೆ. ಮಾವು, ಬಾಳೆಯಂಥವು ಬಂದ ಸಕ್ಕರೆಯನ್ನು ಹಿಟ್ಟಿನ ರೂಪದಲ್ಲಿ, ಅಂದರೆ ಪಿಷ್ಟವಾಗಿ, ಒಳಗೆ ತುಂಬಿಟ್ಟುಕೊಳ್ಳುತ್ತವೆ. ಬಲಿತ ಬಾಳೆಕಾಯಿಯ ತಿರುಳಿನಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಬರೀ ಪಿಷ್ಟವೇ ಇರುತ್ತದೆ. ಕಿತ್ತ ಮೇಲೂ ಆ ಪಿಷ್ಟ ಕರಗಿ ಸಕ್ಕರೆಯಾಗುತ್ತದೆ, ಅದಕ್ಕೇ ಬುಟ್ಟಿಯಲ್ಲಿಟ್ಟ ಬಾಳೆ ಸಿಹಿಯಾಗುವುದು. ದ್ರಾಕ್ಷಿಯ ಬಳಿ ಅಂಥ ಗಂಟಿಲ್ಲ. ದಿನದಿನದ ಸಕ್ಕರೆ ದಿನದಿನ ಬಳ್ಳಿಯಿಂದ ಬರಬೇಕು. ಗೊನೆ ಕತ್ತರಿಸಿದ ಗಳಿಗೆಗೆ ಎಷ್ಟು ಸಿಹಿಯಿತ್ತೋ ಅಷ್ಟೇ ಸಿಹಿ.

ದ್ರಾಕ್ಷಿಯ ಸಾಲಿನಲ್ಲಿ ನಿಲ್ಲುವವು ಕಿತ್ತಳೆ, ಮೋಸಂಬಿ, ನಿಂಬೆ, ದಾಳಿಂಬೆ, ಅನಾನಸ್, ಕಲ್ಲಂಗಡಿ, ಲಿಚಿ, ಸ್ಟ್ರಾಬೆರಿ, ಚೆರ್ರಿ. ಇವನ್ನು ಹಣ್ಣಾದ ಮೇಲೇ ಕೀಳಬೇಕು, ಹಣ್ಣಾದದ್ದನ್ನೇ ಆರಿಸಿ ತರಬೇಕು. ಬಣ್ಣಕ್ಕೆ ಮಾತ್ರ ಮರುಳಾಗಬೇಡಿ. ಹಸಿರು ನಿಂಬೆ ಇಟ್ಟಲ್ಲೇ ಹಳದಿಯಾಗುತ್ತದೆ, ಅನಾನಸ್ ಕೂಡ ಆಗುತ್ತದೆ. ಸಿಪ್ಪೆಯ ಹಸಿರು ಅಳಿಯಿತು ಅಂತಷ್ಟೇ ಅದರರ್ಥ, ಒಳಗೆ ಒಂದು ಚಿಟಿಕೆ ಸಕ್ಕರೆಯೂ ಹೆಚ್ಚಿರುವುದಿಲ್ಲ. ಅನಾನಸ್ಸನ್ನು ತಲೆಕೆಳಗಾಗಿ ನಿಲ್ಲಿಸಿದರೆ ಸಿಹಿ ಏರುತ್ತದೆ ಎನ್ನುವುದನ್ನೂ ನಂಬಬೇಡಿ. ಬುಡದ ಕಡೆ ಸಿಹಿ ಜಾಸ್ತಿ, ಜುಟ್ಟಿನ ಕಡೆ ಕಡಿಮೆ, ಅದು ಗಿಡದಲ್ಲೇ ಆದ ಹಂಚಿಕೆ. ಕಲ್ಲಂಗಡಿಯಾದರೆ ನೆಲಕ್ಕೆ ತಾಗಿದ್ದ ಮಚ್ಚೆಯನ್ನು ನೋಡಿ. ಬೆಣ್ಣೆಯಂತೆ ಹಳದಿಗಟ್ಟಿದ್ದರೆ ತನ್ನಿ, ಬಿಳಿಚಿಕೊಂಡಿದ್ದರೆ ಅಲ್ಲೇ ಬಿಡಿ. ಬಳ್ಳಿಯಿದ್ದವರು ಹಣ್ಣಿನ ತೊಟ್ಟಿನ ಪಕ್ಕದ ಕುಡಿಬಳ್ಳಿ ಒಣಗಿದ ಮೇಲೆ ಕೀಳಲಿ.

ಎರಡು ಹಣ್ಣುಗಳು ಮಾತ್ರ ನಡುವೆ ನಿಂತು ಎಲ್ಲರನ್ನೂ ಮೋಸ ಮಾಡುತ್ತವೆ, ಪರಂಗಿ ಮತ್ತು ಕರಬೂಜ. ಕಿತ್ತ ಮೇಲೆ ಎರಡೂ ಮೆತ್ತಗಾಗುತ್ತವೆ, ಬಣ್ಣ ತಿರುಗುತ್ತವೆ, ವಾಸನೆಯೂ ಬರುತ್ತದೆ. ಆದರೆ ಇವಕ್ಕೂ ಪಿಷ್ಟದ ಗಂಟಿಲ್ಲ, ಹಾಗಾಗಿ ಸಿಹಿ ಏರುವುದಿಲ್ಲ. ಪೂರಾ ಹಸಿರಿದ್ದಾಗ ಕಿತ್ತ ಪರಂಗಿ ಎಷ್ಟು ಮಾಗಿದರೂ ಸಪ್ಪೆ ಸಪ್ಪೆ. ತುದಿಯಲ್ಲಿ ಒಂದೆರಡು ಹಳದಿ ಗೀರು ಮೂಡಿದ ಮೇಲೆ ಕಿತ್ತು, ಪೇಪರಿನಲ್ಲಿ ಸುತ್ತಿ ಮೂರು ನಾಲ್ಕು ದಿನ ಇಡಿ. ಕರಬೂಜವನ್ನು ಮೆಲ್ಲಗೆ ಎತ್ತಿದರೆ ಬಳ್ಳಿಯಿಂದ ತಾನೇ ಕಳಚಿಕೊಳ್ಳಬೇಕು. ಜಗ್ಗಿ ಕೀಳಬೇಕಾಯಿತು ಅಂದರೆ ಇನ್ನೂ ಸಮಯವಿದೆ.

ಇನ್ನು ಕಿತ್ತ ಮೇಲೆ ಹಣ್ಣಾಗುವವು: ಮಾವು, ಬಾಳೆ, ಸಪೋಟ, ಸೀತಾಫಲ, ಹಲಸು, ಬೆಣ್ಣೆಹಣ್ಣು, ಮರಸೇಬು, ಟೊಮೇಟೊ. ಇವು ಮಾಗುವಾಗ ಎಥಿಲೀನ್ ಎಂಬ ಅನಿಲವನ್ನು ಬಿಡುತ್ತವೆ. ಅದು ತಾಗಿದ ಪಕ್ಕದ ಕಾಯಿಯೂ ಮಾಗಲು ಶುರುಮಾಡಿ ತಾನೂ ಅದೇ ಅನಿಲ ಬಿಡುತ್ತದೆ. ಮನೆಯಲ್ಲಿ ನಾವು ಮಾಡುವ ಎಲ್ಲ ಉಪಾಯವೂ ಆ ಅನಿಲ ಚದುರಿಹೋಗದಂತೆ ತಡೆಯುವುದು ಅಷ್ಟೇ. ಆದರೆ ಒಂದು ಮಾತು, ಎಳಸು ಕಾಯಿಗೆ ಯಾವ ಉಪಾಯವೂ ನಡೆಯದು. ಬಲಿತಿರಬೇಕು. ಎಳೆಯದನ್ನು ಅಡೆ ಹಾಕಿದರೆ ಸುಕ್ಕುಗಟ್ಟಿ, ರಬ್ಬರಿನಂತಾಗಿ, ಕೊನೆಗೆ ಕೊಳೆಯುತ್ತದೆ.

ಈಗ ಮಾವಿನ ವಿಷಯಕ್ಕೆ ಬರೋಣ. ಎಲ್ಲರೂ ಅವಸರ ಮಾಡಿ ಕೆಡಿಸುವುದು ಇದನ್ನೇ. ಬಲಿತ ಕಾಯಿಯ ಹೆಗಲು ತೊಟ್ಟಿಗಿಂತ ಮೇಲೆ ಉಬ್ಬಿ, ತೊಟ್ಟು ಚಿಕ್ಕ ಗುಳಿಯಲ್ಲಿ ಕೂತಂತೆ ಕಾಣುತ್ತದೆ. ಅನುಮಾನವಿದ್ದರೆ ಬಕೆಟ್ ನೀರಿಗೆ ಹಾಕಿ. ಮುಳುಗಿದ್ದು ಬಲಿತದ್ದು, ತೇಲಿದ್ದು ಎಳಸು. ತೇಲಿದ್ದನ್ನು ಅಡುಗೆಯ ಹುಳಿಗೆ ಬಳಸಿ, ಅಡೆಗೆ ಸೇರಿಸಬೇಡಿ.

ಕೀಳುವಾಗ ತೊಟ್ಟನ್ನು ಒಂದು ಗೇಣಿನ ಹತ್ತಿರ ಬಿಟ್ಟು ಕತ್ತರಿಸಬೇಕು, ಕೋಲಿನಿಂದ ಬಡಿದು ಉದುರಿಸಬಾರದು. ಪೆಟ್ಟು ತಿಂದ ಜಾಗ ಅಂದು ಕಾಣುವುದಿಲ್ಲ, ಐದನೇ ದಿನ ಕಪ್ಪಾಗಿ ಕಾಣುತ್ತದೆ. ಕೆಳಗೆ ತಂದ ಮೇಲೆ ತೊಟ್ಟನ್ನು ಬೆರಳಗಲಕ್ಕೆ ಇಳಿಸಿ, ತೊಟ್ಟು ಕೆಳಮುಖವಾಗುವಂತೆ ಅರ್ಧ ಗಂಟೆಯಿಂದ ಒಂದು ಗಂಟೆ ಜಾಲರಿಯ ಮೇಲೆ ಇಡಿ. ಸೊನೆ ಸುರಿದುಹೋಗಲಿ. ಅದು ಸಿಪ್ಪೆಯ ಮೇಲೆ ಹರಿದರೆ ಸುಟ್ಟ ಹಾಗೆ ಕಪ್ಪು ಗೆರೆ ಬೀಳುತ್ತದೆ, ಕೊಳೆತ ಶುರುವಾಗುವುದು ಆ ಗೆರೆಯಿಂದಲೇ. ಸೀರೆಗೋ ಅಂಗಿಗೋ ಸೊನೆ ಬಿತ್ತು ಅಂತ ನೇರ ಸೋಪು ಹಚ್ಚಿ ಉಜ್ಜಬೇಡಿ, ಮೊದಲು ಅಡುಗೆ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಒಗೆಯಿರಿ. ಇದನ್ನೂ ಹೇಳಿಕೊಡಬೇಕಾಗಿದೆ ಈಗ.

ಮುಂದಿನದ್ದನ್ನು ಕೇಳಿದರೆ ಎಲ್ಲರೂ ನಗುತ್ತಾರೆ, ನಗಲಿ. ಕಾಯಿಗೆ ಬಿಸಿನೀರ ಸ್ನಾನ ಮಾಡಿಸಬೇಕು. ಒಂದು ಪಾತ್ರೆ ಕುದಿಯುವ ನೀರಿಗೆ ಅದೇ ಅಳತೆಯ ಎರಡು ಪಾತ್ರೆ ನಲ್ಲಿನೀರು ಬೆರೆಸಿದರೆ ಸುಮಾರು 50 ಡಿಗ್ರಿಗೆ ಬರುತ್ತದೆ. ಕೈ ಇಟ್ಟರೆ ಚುರುಕ್ಕೆಂದು ಹಿಂದಕ್ಕೆಳೆದುಕೊಳ್ಳುವಷ್ಟು ಬಿಸಿ. ಕಾಯಿ ಪೂರ್ತಿ ಮುಳುಗುವಂತೆ ಐದು ನಿಮಿಷ ಬಿಡಿ, ಗಡಿಯಾರ ನೋಡಿಯೇ ಬಿಡಿ. ಸಿಪ್ಪೆಯ ಮೇಲೆ, ತೊಟ್ಟಿನ ಬುಡದಲ್ಲಿ ಅಡಗಿರುವ ಬೂಷ್ಟು ಈ ಬಿಸಿಗೆ ಬಹುಪಾಲು ಸಾಯುತ್ತದೆ. ಹಣ್ಣಾಗುವ ಹೊತ್ತಿಗೆ ಕಾಣಿಸುವ ಕಪ್ಪು ಚುಕ್ಕೆ, ತೊಟ್ಟಿನಿಂದ ಇಳಿಯುವ ಕೊಳೆ ಎರಡೂ ಇದರದ್ದೇ ಕೆಲಸ. ಇನ್ನೂ ಬಿಸಿ ಮಾಡಿದರೆ, ಇಲ್ಲವೇ ಮರೆತು ಅರ್ಧ ಗಂಟೆ ಬಿಟ್ಟರೆ ಸಿಪ್ಪೆ ಬೆಂದು ಕಂದಾಗುತ್ತದೆ, ಆ ಕಾಯಿ ಸರಿಯಾಗಿ ಮಾಗುವುದೂ ಇಲ್ಲ. ತೆಗೆದ ಮೇಲೆ ತಣ್ಣೀರಿನಲ್ಲಿ ಅದ್ದಿ, ಬಟ್ಟೆಯಿಂದ ಒರೆಸಿ, ನೆರಳಲ್ಲಿ ಹರಡಿ ತೊಟ್ಟಿನ ಗುಳಿಯಲ್ಲೂ ಒಂದು ಹನಿ ನಿಲ್ಲದಂತೆ ಆರಿಸಿ. ಒದ್ದೆ ಕಾಯಿಯನ್ನು ಅಡೆ ಹಾಕುವುದಕ್ಕಿಂತ ಸ್ನಾನವನ್ನೇ ಬಿಡುವುದು ವಾಸಿ.

ಅಡೆಗೆ ಬೇಕಾದ ಹುಲ್ಲು ಗರಗರ ಒಣಗಿರಬೇಕು. ಮೂಸಿ ನೋಡಿ, ಮುಗ್ಗಲು ವಾಸನೆ ಬಂದರೆ ಆಚೆಗೆ ಎಸೆಯಿರಿ. ಹುಲ್ಲಿಲ್ಲದವರು ಸಣ್ಣಗೆ ಹರಿದ ಕಾಗದ ಹಾಕಲಿ. ರಟ್ಟಿನ ಪೆಟ್ಟಿಗೆಗೋ ಬುಟ್ಟಿಗೋ ನಾಲ್ಕು ಬೆರಳು ದಪ್ಪ ಹಾಸಿ, ಕಾಯಿಗಳನ್ನು ತೊಟ್ಟು ಕೆಳಗಾಗಿ, ಒಂದಕ್ಕೊಂದು ತಾಗದಂತೆ ಕೂರಿಸಿ. ಅದರ ಮೇಲೆ ಹುಲ್ಲು, ಬೇಕಿದ್ದರೆ ಇನ್ನೊಂದು ಸಾಲು. ಮೂರನೆಯದು ಬೇಡ, ಕೆಳಗಿನವು ಜಜ್ಜಿಹೋಗುತ್ತವೆ. ನಡುವೆ ಹಣ್ಣಾದ ಒಂದು ಬಾಳೆಯನ್ನೋ ಸೇಬನ್ನೋ ಇಟ್ಟರೆ ಒಂದೆರಡು ದಿನ ಬೇಗ ತಿರುಗುತ್ತವೆ. ಮೇಲೆ ಗೋಣಿಚೀಲವನ್ನೋ ಹಳೆಯ ಬಟ್ಟೆಯನ್ನೋ ಹೊದೆಸಿ. ಪ್ಲಾಸ್ಟಿಕ್ ಚೀಲ ಮಾತ್ರ ಬೇಡವೇ ಬೇಡ. ಕಾಯಿ ಉಸಿರಾಡುತ್ತದೆ, ನೀರಾವಿ ಬಿಡುತ್ತದೆ, ಅದಕ್ಕೆ ಗಾಳಿ ಬೇಕು. ಬಿಗಿಯಾಗಿ ಕಟ್ಟಿದ ಚೀಲದಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ, ಒಳಗೆ ಹುಳಿತು ಹೆಂಡದ ವಾಸನೆ ಬರುತ್ತದೆ. ಕಾರ್ಬೈಡ್ ಕಲ್ಲನ್ನಂತೂ ಮನೆಯೊಳಗೇ ತರಬೇಡಿ, ಅದರಲ್ಲಿ ಆರ್ಸೆನಿಕ್ ವಿಷದ ಅಂಶ ಬೆರೆತಿರುತ್ತದೆ. ಅದು ಸಿಪ್ಪೆಗೆ ಬಣ್ಣ ಬರಿಸುತ್ತದೆಯೇ ಹೊರತು ಎಳಸು ಕಾಯಿಯ ಹುಳಿ ಹೋಗುವುದಿಲ್ಲ.

ಪೆಟ್ಟಿಗೆ 20ರಿಂದ 25 ಡಿಗ್ರಿಯ ಮೂಲೆಯಲ್ಲಿರಲಿ, ಒಲೆಯ ಪಕ್ಕವೂ ಬೇಡ, ಬಿಸಿಲು ಬೀಳುವ ಕಿಟಕಿಯೂ ಬೇಡ. ಎರಡು ದಿನ ಮುಟ್ಟಬೇಡಿ. ಮೂರನೇ ದಿನ ಹುಲ್ಲಿನೊಳಗೆ ಕೈ ಹಾಕಿ. ಬೆಚ್ಚಗಿದ್ದರೆ ಸರಿ. ಸೆಕೆಯಂತೆ ಬಿಸಿಯಾಗಿ ತೇವ ಅನಿಸಿದರೆ ಹೊದಿಕೆ ತೆಗೆದು ಒಂದು ಗಂಟೆ ಗಾಳಿಗೆ ಬಿಡಿ. ಅಲ್ಲಿಂದ ದಿನಾ ನೋಡಬೇಕು. ಕೊಳೆತದ್ದನ್ನು ಅಂದೇ ತೆಗೆಯಿರಿ, ದೋರಗಾಯಿಯನ್ನು ಮಗ್ಗುಲು ಬದಲಿಸಿ ಇಡಿ. ಐದರಿಂದ ಎಂಟು ದಿನದೊಳಗೆ ತೊಟ್ಟಿನ ಬಳಿ ಮೂಗಿಟ್ಟರೆ ಘಮ್ಮೆನ್ನಬೇಕು, ಹೆಗಲ ಹತ್ತಿರ ಹೆಬ್ಬೆರಳು ತುಸು ಒಳಗೆ ಹೋಗಬೇಕು. ಹೊಟ್ಟೆಯ ಭಾಗವನ್ನು ಒತ್ತಿ ಒತ್ತಿ ನೋಡಬೇಡಿ, ನೋಡಿದಷ್ಟೂ ಗಾಯ. ಹಿಂದೆಲ್ಲ ಅಡೆ ಹಾಕಿದ ಕೋಣೆಯ ಬಾಗಿಲು ತೆಗೆದರೆ ವಾಸನೆಯೇ ಹೇಳುತ್ತಿತ್ತು ಇವತ್ತು ಎಷ್ಟು ಹಣ್ಣಾಗಿವೆ ಅಂತ.

ಬಾಳೆಗೆ ಇಷ್ಟೆಲ್ಲ ಬೇಡ. ಚಿಪ್ಪನ್ನು ಕಾಗದದ ಚೀಲದಲ್ಲಿಟ್ಟು ಬಾಯಿ ಮಡಚಿದರೆ ಸಾಕು. ಆದರೆ 30 ಡಿಗ್ರಿ ದಾಟಿದ ಸೆಕೆಯಲ್ಲಿ ಸಿಪ್ಪೆ ಹಸಿರಾಗೇ ಉಳಿದು ಒಳಗೆ ಬೆಂದಂತೆ ಮೆತ್ತಗಾಗುತ್ತದೆ, 13 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಸಿಪ್ಪೆ ಕಪ್ಪಾಗುತ್ತದೆ. ಹಸಿ ಬಾಳೆ, ಹಸಿ ಮಾವು ಫ್ರಿಜ್ಜಿನಲ್ಲಿ ಕೆಲವು ದಿನ ಕಳೆದರೆ ಮಾಗುವ ಶಕ್ತಿಯೇ ಸತ್ತುಹೋಗುತ್ತದೆ, ಆಮೇಲೆ ಹೊರಗಿಟ್ಟರೂ ಪ್ರಯೋಜನವಿಲ್ಲ. ಹಣ್ಣಾದ ಮೇಲೆ ಫ್ರಿಜ್ಜಿಗೆ ಹೋಗಲಿ. ಹಣ್ಣಿನ ಬುಟ್ಟಿಯ ಪಕ್ಕ ಸೊಪ್ಪು, ಸೌತೆ ಇಡಬೇಡಿ, ಅದೇ ಅನಿಲಕ್ಕೆ ಅವು ಹಳದಿಗಟ್ಟುತ್ತವೆ.

ಸಪೋಟವನ್ನು ಉಗುರಿನಿಂದ ಗೀರಿ ನೋಡಿ. ಒಳಗೆ ಹಸಿರು ಕಂಡರೆ, ಹಾಲು ಒಸರಿದರೆ ಎಳಸು. ಹಳದಿಗೆಂಪು ಕಂಡರೆ ಮೇಲಿನ ಹೊಟ್ಟನ್ನು ಒರೆಸಿ ಅಕ್ಕಿ ಡಬ್ಬದಲ್ಲಿಡಬಹುದು. ಆದರೆ ಕಾಯಿ ಒಣಗಿರಬೇಕು, ದಿನಾ ನೋಡಬೇಕು. ಒಂದು ಕೊಳೆತರೆ ಅಕ್ಕಿಯೂ ಹೋಯಿತು. ಸೀತಾಫಲದ ಕಣ್ಣುಗಳು ಅಗಲವಾಗಿ ನಡುವಿನ ಗೆರೆ ಬೆಣ್ಣೆಬಣ್ಣಕ್ಕೆ ತಿರುಗುವ ಮೊದಲು ಕಿತ್ತರೆ ಕಲ್ಲಾಗಿ ಕಪ್ಪಾಗುತ್ತದೆ. ಬೆಣ್ಣೆಹಣ್ಣು ಮಾತ್ರ ಇದಕ್ಕೆ ಉಲ್ಟಾ, ಅದು ಮರದಲ್ಲಿ ಎಷ್ಟು ದಿನ ಬಿಟ್ಟರೂ ಮೆತ್ತಗಾಗುವುದಿಲ್ಲ, ಕಿತ್ತ ಮೇಲೇ ಮಾಗುವುದು. ಮರಸೇಬನ್ನೂ ಗಟ್ಟಿಯಿರುವಾಗಲೇ ಕೀಳಬೇಕು, ಮರದಲ್ಲೇ ಮಾಗಲು ಬಿಟ್ಟರೆ ತಿರುಳು ಮರಳು ಮರಳಾಗಿ ನಡುವಿನಿಂದ ಕೆಡುತ್ತಾ ಬರುತ್ತದೆ. ಅದು ಒಳಗಿನಿಂದ ಹೊರಕ್ಕೆ ಮಾಗುವ ಹಣ್ಣು. ತೊಟ್ಟಿನ ಕೆಳಗಿನ ಕುತ್ತಿಗೆಯನ್ನು ಒತ್ತಿದಾಗ ತುಸು ಬಗ್ಗಿದರೆ ಅಂದೇ ಕತ್ತರಿಸಿ, ಹೊಟ್ಟೆ ಮೆತ್ತಗಾಗಲಿ ಎಂದು ಕಾದರೆ ನಡುವೆ ಆಗಲೇ ಕಂದುಗಟ್ಟಿರುತ್ತದೆ.